ಪರೀಕ್ಷೆಯ ಭಯವನ್ನು ನಗೆಯ ಕತೆ ಮಾಡುವುದು ಹೇಗೆ? ಪಿಯುಸಿ ಮಕ್ಕಳಿಗೆ ಹತ್ತು ದಿನದ ಅಭ್ಯಾಸ

ದ್ವಿತೀಯ ಪಿಯುಸಿ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಒಬ್ಬ ಹುಡುಗ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ, "ಸರ್, ನನಗ ಏನೂ ನೆನಪ ಉಳಿಯವಲ್ದರೀ" ಅಂದ.

ರೋಣದ ಕಡೆಯ ಹುಡುಗ. ಸಪ್ತಾಪುರದಲ್ಲಿ ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ, ನನ್ನ ಹತ್ತಿರ ಫಿಸಿಕ್ಸ್ ಟ್ಯೂಷನ್‌ಗೆ ಬರುತ್ತಿದ್ದ. ರಾತ್ರಿ ಏನು ಮಾಡ್ತೀಯಪ್ಪಾ ಅಂತ ಕೇಳಿದೆ. ಟೆನ್ಷನ್ ಕಡಿಮೆ ಆಗಲಿ ಅಂತ ಮೊಬೈಲಿನಲ್ಲಿ ಕಾಮಿಡಿ ರೀಲ್ಸ್ ನೋಡುತ್ತಾನಂತೆ. ಹತ್ತೂವರೆಗೆ ಹಿಡಿದ ಫೋನು ಒಂದು ಗಂಟೆಗೆ ಕೆಳಗೆ. ನೋಡುವಾಗ ನಗು ಬರುತ್ತದೆ, ಫೋನ್ ಇಟ್ಟ ಎರಡೇ ನಿಮಿಷಕ್ಕೆ ಭಯ ವಾಪಸ್ಸು, ಅದೂ ಜಾಸ್ತಿಯಾಗಿ, ಯಾಕಂದರೆ ಎರಡೂವರೆ ಗಂಟೆ ಹೋಯಿತಲ್ಲ ಎಂಬ ಹೊಸ ಸಂಕಟವೂ ಅದರ ಜೊತೆ ಸೇರಿರುತ್ತದೆ.

ಇಲ್ಲಿಂದಲೇ ಶುರು ಮಾಡೋಣ. ಬೇರೆಯವರು ಮಾಡಿದ ಜೋಕು ನೋಡಿ ನಕ್ಕರೆ ಭಯ ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ, ಅಷ್ಟೇ. ನಿಮ್ಮ ಭಯವನ್ನೇ ಕೈಗೆ ತೆಗೆದುಕೊಂಡು ನೀವೇ ಅದರಿಂದ ಒಂದು ನಗೆಯ ಕತೆ ಮಾಡಿದರೆ, ಆ ಭಯ ನಿಮಗೆ ಕಾಣುವ ರೀತಿಯೇ ಬದಲಾಗುತ್ತದೆ. ಪರೀಕ್ಷೆಯಲ್ಲಿ "ಎಲ್ಲಾ ಮರೆತುಹೋಯ್ತು" ಅಂತೀವಲ್ಲ, ಹೆಚ್ಚಿನ ಸಲ ಅದು ನಿಜವಾದ ಮರೆವು ಅಲ್ಲ. ಲೆಕ್ಕ ಬಿಡಿಸುವಾಗ ಮನಸ್ಸು ಒಮ್ಮೆಗೆ ಸ್ವಲ್ಪವೇ ಸಂಗತಿ ಹಿಡಿದಿಟ್ಟುಕೊಳ್ಳಬಲ್ಲದು. ಆ ಸಣ್ಣ ಜಾಗದಲ್ಲಿ "ಫೇಲಾದರೆ ಏನು ಗತಿ" ಎಂಬುದು ಬಂದು ಕೂತರೆ, ಲೆಕ್ಕಕ್ಕೆ ಜಾಗ ಸಾಲುವುದಿಲ್ಲ. ಆ ಜಾಗವನ್ನು ಬಿಡಿಸಿಕೊಳ್ಳುವುದೇ ಈ ಅಭ್ಯಾಸದ ಕೆಲಸ.

ಬೇಕಾಗುವುದು ಒಂದು ಹಳೇ ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಹದಿನೈದು ನಿಮಿಷ. ಫೋನು ಬೇರೆ ಕೋಣೆಯಲ್ಲಿರಲಿ. ಸಂಜೆ ಓದಲು ಕೂರುವ ಮುಂಚಿನ ಹೊತ್ತು ಒಳ್ಳೆಯದು. ಮಲಗುವ ಹೊತ್ತಿಗೆ ಬೇಡ, ಮನಸ್ಸು ಮತ್ತೆ ಚುರುಕಾಗಿ ನಿದ್ದೆ ಮುಂದೆ ಹೋಗುತ್ತದೆ.

ಮೊದಲ ಹೆಜ್ಜೆ: ಭಯವನ್ನು ಕಣ್ಣಿಗೆ ಕಟ್ಟುವಷ್ಟು ಸಣ್ಣದು ಮಾಡಿ

"ನನಗೆ ಪರೀಕ್ಷೆ ಭಯ" ಎಂಬ ಸಾಲಿನಿಂದ ಯಾವ ಕತೆಯೂ ಹುಟ್ಟುವುದಿಲ್ಲ. ಅದು ತುಂಬಾ ದೊಡ್ಡದು, ಮಸುಕು. ಯಾವ ಪೇಪರ್, ಎಲ್ಲಿ ಕೂತಿದ್ದೀರಿ, ಪಕ್ಕದಲ್ಲಿ ಯಾರು, ಕೈ ಏನು ಮಾಡುತ್ತಿದೆ, ಇಷ್ಟನ್ನು ಬರೆಯಿರಿ. ಐದಾರು ಸಾಲು ಸಾಕು.

ನಮ್ಮ ಹುಡುಗ ಮೊದಲ ದಿನ ಬರೆದದ್ದು ಹೀಗಿತ್ತು: "ಫಿಸಿಕ್ಸ್ ಪೇಪರ್. ಲೆನ್ಸ್ ಮೇಕರ್ಸ್ ಫಾರ್ಮುಲಾ ಡಿರೈವ್ ಮಾಡು ಅಂತ ಬಂದಿದೆ. ಎರಡು ಸಾಲು ಬರೆದೆ. ಮೂರನೇ ಸಾಲು ಬರುತ್ತಿಲ್ಲ. ಪಕ್ಕದ ಹುಡುಗಿ ಸರಸರ ಪುಟ ತಿರುವುತ್ತಿದ್ದಾಳೆ. ನನ್ನ ಕೈ ನಡುಗುತ್ತಿದೆ. ಅಪ್ಪ ಗೇಟಿನ ಹೊರಗೆ ನಿಂತಿದ್ದಾನೆ."

ಬರೆದ ಮೇಲೆ ಪುಟದ ಮೂಲೆಯಲ್ಲಿ ಒಂದು ಅಂಕಿ ಹಾಕಿ. ಭಯ ಇಲ್ಲವೇ ಇಲ್ಲ ಅಂದರೆ 0, ಎದ್ದು ಓಡಿಹೋಗೋಣ ಅನ್ನಿಸಿದರೆ 10. ಅವನು 8 ಹಾಕಿದ. ಈ ಅಂಕಿ ಬೇಕೇ ಬೇಕು. ಅಭ್ಯಾಸದಿಂದ ಉಪಯೋಗ ಆಗುತ್ತಿದೆಯೋ ಇಲ್ಲವೋ ಎಂದು ಹೇಳುವುದು ಅದೇ.

ಎರಡನೇ ಹೆಜ್ಜೆ: ಓದಿನ ಕೆಲಸ ಬೇರೆ, ಭಯ ಬೇರೆ

ಜಾಸ್ತಿ ಮಂದಿ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

ಬರೆದ ಸಾಲುಗಳಲ್ಲಿ ಓದಿದರೆ ಸರಿಹೋಗುವಂಥವು ಯಾವುವು? "ಮೂರನೇ ಸಾಲು ಬರುತ್ತಿಲ್ಲ" ಎಂಬುದು ಅಂಥದ್ದು. ಈ ಡಿರಿವೇಷನ್ನನ್ನು ನೋಡದೆ ಎಷ್ಟು ಸಲ ಬರೆದಿದ್ದೀಯಾ ಅಂತ ಕೇಳಿದೆ. ಒಂದು ಸಲವೂ ಬರೆದಿರಲಿಲ್ಲ, ಬರೀ ಓದಿದ್ದ. ಹಾಗಾದರೆ ಅದು ಭಯವಲ್ಲ, ಬಾಕಿ ಉಳಿದ ಕೆಲಸ. ಆ ಸಾಲಿಗೆ ಅಡಿಗೆರೆ ಹಾಕಿ ಮರುದಿನ ಬೆಳಗಿನ ಪಟ್ಟಿಗೆ ಸೇರಿಸಿದೆವು. ಪುಸ್ತಕ ಮುಚ್ಚಿ ಮೂರು ಸಲ ಬರೆಯಬೇಕು.

ಅದರ ಬಗ್ಗೆ ಜೋಕು ಮಾಡಬೇಡಿ. ಬಾಕಿ ಇರುವ ಪಾಠದ ಮೇಲೆ ನಗೆ ಹುಟ್ಟಿಸಿದರೆ ಆ ಕ್ಷಣಕ್ಕೆ ಹಗುರ ಅನ್ನಿಸುತ್ತದೆ, ಪಾಠ ಮಾತ್ರ ಅಲ್ಲೇ ಇರುತ್ತದೆ, ಎರಡು ದಿನ ಬಿಟ್ಟು ಭಯ ದುಪ್ಪಟ್ಟು. ಓದದೆ ಇರುವುದಕ್ಕೆ ನಗೆಯನ್ನು ನೆವ ಮಾಡಿಕೊಂಡಿದ್ದೀರಾ ಎಂದು ತಿಳಿಯುವುದು ಸುಲಭ. ನಕ್ಕ ಐದು ನಿಮಿಷದಲ್ಲಿ ನೀವು ಪುಸ್ತಕದ ಮುಂದೆ ಇದ್ದರೆ ಸರಿ. ಇನ್ನೊಂದು ಜೋಕಿಗೆ ಕಾಯುತ್ತಾ ಕೂತಿದ್ದರೆ ದಾರಿ ತಪ್ಪಿದೆ ಅಂತ ಅರ್ಥ.

ಓದಿನಿಂದ ಸರಿಹೋಗದೆ ಉಳಿಯುವ ಸಾಲುಗಳೇ ನಮ್ಮ ಕತೆಗೆ ಬೇಕಾದವು. ನಡುಗುವ ಕೈ, ಪುಟ ತಿರುವುವ ಹುಡುಗಿ, ಗೇಟಿನ ಹೊರಗಿನ ಅಪ್ಪ.

ಮೂರನೇ ಹೆಜ್ಜೆ: ಭಯವನ್ನು ಕೊನೇತನಕ ಎಳೆಯಿರಿ

ವಿಯೆನ್ನಾದಲ್ಲಿ ವಿಕ್ಟರ್ ಫ್ರಾಂಕಲ್ ಎಂಬ ಮನೋವೈದ್ಯರಿದ್ದರು. ಅವರ ಬಳಿ ಒಬ್ಬ ಯುವ ಡಾಕ್ಟರ್ ಬಂದ. ನಾಲ್ಕು ಜನರ ಎದುರು ಬೆವರಿಬಿಡುತ್ತೇನೆ ಎಂಬ ಭಯ ಅವನಿಗೆ, ಆ ಭಯಕ್ಕೇ ಅವನು ಬೆವರುತ್ತಿದ್ದ. ಬೆವರಬೇಡ ಅಂತ ಫ್ರಾಂಕಲ್ ಹೇಳಲಿಲ್ಲ. ನಾನು ಎಷ್ಟು ಬೆವರಬಲ್ಲೆ ಅಂತ ಇವತ್ತು ಎಲ್ಲರಿಗೂ ತೋರಿಸುತ್ತೇನೆ, ಹಿಂದಿನದರ ಹತ್ತು ಪಟ್ಟು ಬೆವರುತ್ತೇನೆ ಎಂದು ಬೇಕಂತಲೇ ಅಂದುಕೋ ಅಂದರು. ವರ್ಷಗಟ್ಟಲೆ ಕಾಡಿದ್ದ ತೊಂದರೆ ಅವನನ್ನು ಬಿಟ್ಟುಹೋಯಿತು. ನಡುಗಬಾರದು ಅಂತ ಬಿಗಿಹಿಡಿದಷ್ಟೂ ಕೈ ನಡುಗುತ್ತದೆ. ನಡುಗಲಿ ನೋಡೋಣ ಅಂದರೆ ಆ ಬಿಗಿ ಸಡಿಲವಾಗುತ್ತದೆ. ಕೈ ನಡುಕ, ಬೆವರು, ಗಂಟಲು ಒಣಗುವುದು, ತಲೆ ಖಾಲಿಯಾಗುವುದು, ಇಂಥ ಮೈಯ ಭಯಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮಾಡುವುದು ಹೀಗೆ. ಉಳಿದ ಸಾಲುಗಳಲ್ಲಿ ಒಂದನ್ನು ಆರಿಸಿ. "ಆಮೇಲೆ ಏನಾಯ್ತು?" ಎಂದು ನಿಮ್ಮನ್ನೇ ಐದು ಸಲ ಕೇಳಿ. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಿ ಬರೆಯಿರಿ. ನಿಮಗೆ ಗೊತ್ತಿರುವ ಊರು, ನಿಮಗೆ ಗೊತ್ತಿರುವ ಜನ ಅದರಲ್ಲಿ ಬರಲಿ. ಹುಡುಗ ಬರೆದದ್ದು:

"ಕೈ ನಡುಗಿತು. ಡೆಸ್ಕ್ ನಡುಗಿತು. ಕೋಣೆ ನಡುಗಿದ್ದಕ್ಕೆ ಸೂಪರ್‌ವೈಸರ್ ಭೂಕಂಪ ಅಂತ ಹೊರಗೆ ಓಡಿದರು. ನವನಗರದ ಹತ್ತಿರ ಚಿಗರಿ ಬಸ್ಸು ನಿಂತುಬಿಟ್ಟಿತು. ರೋಣದಾಗ ಹೊಲದಲ್ಲಿದ್ದ ಅಪ್ಪ ನೆಲ ಮುಟ್ಟಿ ನೋಡಿ, ಇದು ಭೂಕಂಪ ಅಲ್ಲಪಾ, ನಮ್ಮ ಹುಡುಗ ಪೇಪರ್ ಬರಿಯಾಕತ್ತಾನ ಅಂದ."

ಕೊನೆಯ ಸಾಲು ಓದುವಾಗ ಅವನಿಗೇ ನಗು ಬಂತು, ಭುಜ ಕೆಳಗಿಳಿಯಿತು. ಮತ್ತೆ ಅಂಕಿ ಹಾಕು ಅಂದೆ. 6.

ಇಲ್ಲಿ ಒಂದು ನಿಯಮ ಮರೆಯಬೇಡಿ. ಕತೆ ಎಷ್ಟೇ ದೂರ ಹೋಗಲಿ, ಕೊನೆಗೆ ಒಂದು ನಿಜದ ಮೇಲೆ ಬಂದು ನಿಲ್ಲಬೇಕು. ಅಪ್ಪನಿಗೆ ಮಗನ ಕೈ ಗುರುತು ಸಿಗುತ್ತದೆ ಎಂಬುದು ನಿಜ, ಅದಕ್ಕೇ ಆ ಕತೆ ಅವನನ್ನು ಹಿಡಿದು ನಿಲ್ಲಿಸಿತು. "ಫೇಲಾದರೆ ಬದುಕೇ ಮುಗೀತು" ಎಂಬ ಭಯವನ್ನು ಎಳೆಯುವವರಿಗೂ ಒಂದು ನಿಜ ಇದೆ. 2024ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಒಂದರಲ್ಲಿ ಕೆಟ್ಟರೆ ಇನ್ನೊಂದು ಇದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಕತೆ ಹಂಪಿ ಹೊಸಪೇಟೆ ಸುತ್ತಿ ಬಂದರೂ ಈ ಮಾತಿನ ಮೇಲೆ ಇಳಿಯಲಿ.

ನಿಜವಾದ ದುಃಖ ಇದ್ದಲ್ಲಿ ಈ ಹೆಜ್ಜೆ ಬೇಡ. ಮನೆಯಲ್ಲಿ ಯಾರೋ ಹುಷಾರಿಲ್ಲ, ಫೀಸಿಗೆ ಸಾಲ ಮಾಡಿದ್ದಾರೆ, ಇಂಥದ್ದನ್ನು ಎಳೆದು ನಗೆ ಮಾಡಲು ಹೋದರೆ ನಗು ಬರುವುದಿಲ್ಲ, ಎದೆ ಇನ್ನಷ್ಟು ಭಾರ ಆಗುತ್ತದೆ. ಅದನ್ನು ಹತ್ತಿರದವರ ಮುಂದೆ ನೇರವಾಗಿ ಹೇಳಿಕೊಳ್ಳುವುದೇ ಸರಿ.

ನಾಲ್ಕನೇ ಹೆಜ್ಜೆ: ಏಟು ಯಾರಿಗೆ ಬೀಳುತ್ತಿದೆ ನೋಡಿ

ಎರಡನೇ ದಿನ ಹುಡುಗ ಇನ್ನೊಂದು ಕತೆ ತಂದ. ಅದರ ತುಂಬ "ನಾನು ಕ್ವಾಣ, ಕ್ವಾಣಕ್ಕ ಕಿನ್ನರಿ ಬಾರಿಸಿದ್ರ ಏನು ಬಂತು, ನನಗ ಫಿಸಿಕ್ಸ್ ಹೇಳಿದ್ರ ಏನು ಬಂತು" ಅಂತಲೇ ಇತ್ತು. ರೂಮಿನಲ್ಲಿ ಓದಿದಾಗ ಗೆಳೆಯರು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಅವರು ಊಟಕ್ಕೆ ಕರೆಯುವಾಗಲೂ "ಬಾರಲೇ ಕ್ವಾಣ" ಅನ್ನಲು ಶುರು ಮಾಡಿದರು. ಅವನೂ ನಗುತ್ತಲೇ ಇದ್ದ. ಅಂಕಿ ಮಾತ್ರ ಆರರಿಂದ ಏಳಕ್ಕೆ ಏರಿತ್ತು.

ರಾಡ್ ಮಾರ್ಟಿನ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 2003ರಲ್ಲಿ ಜನ ನಗೆಯನ್ನು ಬಳಸುವ ರೀತಿಯನ್ನು ನಾಲ್ಕಾಗಿ ವಿಂಗಡಿಸಿದರು. ಎಲ್ಲರನ್ನೂ ಸೇರಿಸಿಕೊಂಡು ನಗುವುದು, ಕಷ್ಟವನ್ನೇ ನಗುತ್ತಾ ನೋಡಿ ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಳ್ಳುವುದು, ಇನ್ನೊಬ್ಬರನ್ನು ಚುಚ್ಚಿ ನಗುವುದು, ಮತ್ತು ಬೇರೆಯವರು ಮೆಚ್ಚಲಿ ಅಂತ ತನ್ನನ್ನೇ ಕೀಳು ಮಾಡಿಕೊಂಡು ನಗಿಸುವುದು. ಎರಡನೆಯ ಅಭ್ಯಾಸ ಇರುವವರಲ್ಲಿ ಆತಂಕ ಕಡಿಮೆ, ಕೊನೆಯದು ಜಾಸ್ತಿ ಇರುವವರಲ್ಲಿ ಆತಂಕವೂ ಖಿನ್ನತೆಯೂ ಜಾಸ್ತಿ ಕಂಡುಬರುತ್ತವೆ. ಹೊರಗಿನಿಂದ ನೋಡಿದರೆ ಎರಡರ ನಗುವೂ ಒಂದೇ ಥರ ಕೇಳುತ್ತದೆ. ಅದಕ್ಕೇ ಸದ್ದು ಕೇಳಿ ಲೆಕ್ಕ ಹಾಕಬೇಡಿ.

ಪರೀಕ್ಷಿಸುವ ದಾರಿ ಒಂದಿದೆ. ಈ ಸಾಲನ್ನು ನಿಮ್ಮ ತಂಗಿಯ ಬಗ್ಗೆ, ಅವಳೂ ಪರೀಕ್ಷೆಗೆ ಕೂರುವಾಗ, ಅವಳ ಮುಖ ನೋಡಿ ಹೇಳುತ್ತೀರಾ? ಇಲ್ಲ ಅಂದರೆ ನಿಮಗೂ ಹೇಳಿಕೊಳ್ಳಬೇಡಿ. ತಿದ್ದುವುದೂ ಕಷ್ಟವಲ್ಲ. "ನಾನು ಇಂಥವನು" ಎಂದಿರುವ ಕಡೆ "ಇಂಥದ್ದು ಆಯಿತು" ಎಂದು ಬದಲಿಸಿ. ನಾವಿಬ್ಬರೂ ಕೂತು ಆ ಕೋಣನ ಕತೆಯನ್ನು ಹೀಗೆ ತಿದ್ದಿದೆವು:

"ಬರೆಯುವಾಗ ನನ್ನ ನೆನಪು ಹಗ್ಗ ಬಿಚ್ಚಿಕೊಂಡ ಎಮ್ಮಿಯಂಗ ಎದ್ದು ಹೋತು. ಹಿಂದ ಓಡಿದ್ರ ಇನ್ನೂ ದೂರ ಹೋಗ್ತದ. ಸುಮ್ನ ಬಿಟ್ರ ಹಾಲು ಹಿಂಡೋ ಹೊತ್ತಿಗೆ ತಾನ ಕೊಟ್ಟಿಗಿಗೆ ಬರ್ತದ."

ಇದು ನನಗೆ ತುಂಬಾ ಇಷ್ಟವಾಯಿತು, ಯಾಕಂದರೆ ಇದರಲ್ಲಿ ನಗೆಯ ಜೊತೆ ಪರೀಕ್ಷೆ ಬರೆಯುವ ದಾರಿಯೂ ಇದೆ. ನೆನಪಾಗದ ಉತ್ತರದ ಹಿಂದೆ ಬಿದ್ದಷ್ಟೂ ಅದು ಸಿಗುವುದಿಲ್ಲ. ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋದರೆ ಹಲವು ಸಲ ತಾನೇ ಬರುತ್ತದೆ.

ಇದೇ ಹುರುಪಿನಲ್ಲಿ ಅವನು ಸೂತ್ರಕ್ಕೂ ಒಂದು ಕತೆ ಕಟ್ಟಿದ. ಸೂತ್ರ ಇದು:

```
1/f = (n − 1)(1/R₁ − 1/R₂)
```

R₁ ಅಣ್ಣ, R₂ ತಮ್ಮ. ನಡುವೆ ಬೇಲಿ ಹಾಕಿಕೊಂಡಿದ್ದಾರೆ, ಅದೇ ಮೈನಸ್. ಎರಡೂ ಕಡೆ ಉಬ್ಬಿದ ಲೆನ್ಸಿನಲ್ಲಿ R₂ ತಾನೇ ನೆಗೆಟಿವ್, ಅಂದರೆ ತಮ್ಮ ಮೊದಲೇ ಮುನಿಸಿಕೊಂಡವ. ಜಗಳದ ಮೇಲೆ ಜಗಳ ಬಿದ್ದು ರಾಜಿ ಆಯಿತು, ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್. ಚಿಹ್ನೆ ತಪ್ಪುವ ಮಕ್ಕಳಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಆದರೆ ಇದರಿಂದ ಡಿರಿವೇಷನ್ ಬರುವುದಿಲ್ಲ, ಅದಕ್ಕೆ ಆ ಮೂರು ಸಲ ಬರೆಯುವ ಕೆಲಸವೇ ಆಗಬೇಕು.

ಐದನೇ ಹೆಜ್ಜೆ: ಒಬ್ಬರಿಗೆ ಹೇಳಿ

ನೋಟ್‌ಬುಕ್ಕಿನಲ್ಲೇ ಉಳಿದ ಕತೆಗಿಂತ ಇನ್ನೊಬ್ಬರಿಗೆ ಹೇಳಿದ ಕತೆ ಬೇಗ ಹಗುರ ಮಾಡುತ್ತದೆ. ಹೇಳುವಾಗ ನೀವು ಆ ಭಯದ ಹೊರಗೆ ನಿಂತಿರುತ್ತೀರಿ. ರೂಮಿನಲ್ಲಿ ಮೂವರಿದ್ದರೆ ಸಂಜೆ ಗಿರಮಿಟ್ಟು ತಿನ್ನುವ ಹತ್ತು ನಿಮಿಷ ಸಾಕು. ಪ್ರತಿಯೊಬ್ಬರೂ ತಮ್ಮ ಭಯದ ಕತೆಯನ್ನೇ ಹೇಳಬೇಕು, ಇನ್ನೊಬ್ಬರ ಮಾರ್ಕ್ಸು, ಮನೆ, ಮಾತಿನ ರೀತಿ ಯಾವುದನ್ನೂ ಎತ್ತಬಾರದು. ಕತೆಯಲ್ಲಿ ಬಂದ ಹೆಸರು ಕತೆಯಲ್ಲೇ ಇರಬೇಕು. ನಮ್ಮ ಹುಡುಗ ತನ್ನ ಗೆಳೆಯರಿಗೆ "ಕ್ವಾಣ ಅನ್ನಬ್ಯಾಡ್ರಲೇ, ನನಗ ಬ್ಯಾಸರಾಗ್ತದ" ಅಂತ ಸೀದಾ ಹೇಳಿದ. ಅವರೂ ಬಿಟ್ಟರು. ಹೇಳಿದರೂ ಬಿಡದ ಗುಂಪಾದರೆ, ಆ ಹತ್ತು ದಿನ ಅಲ್ಲಿ ಕೂರಬೇಡಿ, ಅವ್ವನಿಗೋ ಅಕ್ಕನಿಗೋ ಫೋನ್ ಮಾಡಿ ಹೇಳಿ.

ಮನೆಯವರಿಗೂ ಒಂದು ಮಾತು. ಮಗ ಫೋನಿನಲ್ಲಿ ನಗುತ್ತಾ ಮಾತಾಡಿದರೆ "ಓದೋದು ಬಿಟ್ಟು ನಕ್ಕೋತ ಕುಂತಿಯೇನು" ಅನ್ನಬೇಡಿ. ಹೋದ ಸಲದ ಅವನ ಮಾರ್ಕ್ಸನ್ನು ನೆಂಟರ ಮುಂದೆ ತಮಾಷೆ ಮಾಡುವುದಂತೂ ಬೇಡವೇ ಬೇಡ.

ಮಾರ್ಚ್ ತಿಂಗಳಲ್ಲಿ ಹುಬ್ಬಳ್ಳಿ ಹಳೇ ಊರಿನ ಕಡೆ ಓದುವವರಿಗೆ ಇನ್ನೊಂದು ಕಷ್ಟ ಗೊತ್ತೇ ಇದೆ. ಹೋಳಿ ಹುಣ್ಣಿಮೆಯಿಂದ ರಂಗಪಂಚಮಿವರೆಗೂ ಹಲಗಿ ಸದ್ದು. ಸಿಟ್ಟು ಮಾಡಿಕೊಂಡರೆ ಓದು ಆಗುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಮಿಸ್ಟ್ರಿಯ ಸರಣಿಗಳನ್ನು ಆ ಹಲಗಿಯ ಪೆಟ್ಟಿಗೇ ಹೇಳಿಕೊಂಡು ಕಲಿತಳು, ತಂದೆ ತಾಯಿ ಬಾಗಿಲಲ್ಲಿ ನಿಂತು ತಾಳ ಹಾಕಿದರಂತೆ.

ನಗಬಾರದ ಹೊತ್ತು

ಜೋಕಿನ ರೂಪದಲ್ಲಿ ಬಂದರೂ ಜೋಕಲ್ಲದ ಮಾತುಗಳಿವೆ. "ರಿಸಲ್ಟ್ ಬರೋ ಹೊತ್ತಿಗೆ ನಾ ಇರಂಗಿಲ್ಲ ಬಿಡ್ರಿ" ಅಂತ ನಗುತ್ತಾ ಹೇಳಿದರೂ ನೀವು ನಗಬೇಡಿ. ಎಲ್ಲ ಬಿಟ್ಟು ಪಕ್ಕದಲ್ಲಿ ಕೂತು, ಸಾಯುವ ವಿಚಾರ ಬರ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ತುಂಬಿದಂತೆ ಆಗುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ. ನಿದ್ದೆ ಊಟ ಹಲವು ದಿನದಿಂದ ಕೆಟ್ಟಿದ್ದರೆ, ಮೇಲಿಂದ ಮೇಲೆ ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುತ್ತಿದ್ದರೆ, ಆಗಲೂ ಈ ನೋಟ್‌ಬುಕ್ಕಿನ ಅಭ್ಯಾಸವನ್ನು ನಂಬಿ ಕೂರಬೇಡಿ. ಡಾಕ್ಟರ್ ಬೇಕು.

ಆರನೇ ಹೆಜ್ಜೆ: ಕತೆಯನ್ನು ಒಂದು ಸಾಲಿಗೆ ಇಳಿಸಿ, ಮನೆಯಲ್ಲೇ ರೂಢಿ ಮಾಡಿ

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಹೊಸ ಕತೆ ಬರೆಯುವುದನ್ನು ನಿಲ್ಲಿಸಿ. ಬರೆದವುಗಳಲ್ಲಿ ಅಂಕಿಯನ್ನು ಹೆಚ್ಚು ಇಳಿಸಿದ್ದು ಯಾವುದೋ ಅದನ್ನು ಆರಿಸಿ, ನಾಲ್ಕೈದು ಪದಕ್ಕೆ ಇಳಿಸಿ. ನಮ್ಮ ಹುಡುಗನದು "ಎಮ್ಮಿ ಹೋತು, ಬರ್ತದ ಬಿಡು".

ಆಮೇಲೆ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ, ಪೂರ್ತಿ ಬರೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಪೆನ್ನು ಕೆಳಗಿಡಿ, ಒಂದು ಸಲ ನಿಧಾನಕ್ಕೆ ಉಸಿರು ಬಿಡಿ, ಆ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ, ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಬಿಟ್ಟ ಜಾಗದ ಎದುರು ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಚುಕ್ಕೆ ಇಡಿ, ವಾಪಸ್ ಬಂದಾಗ ಹುಡುಕಬೇಕಾಗುವುದಿಲ್ಲ. ಮೂರು ಪೇಪರ್ ಹೀಗೆ ಬರೆದರೆ ಆ ಸಾಲು ಮತ್ತು ಮುಂದಕ್ಕೆ ಹೋಗುವುದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೂಢಿ ಮಾಡದೆ ಪರೀಕ್ಷೆಯ ದಿನವೇ ನಗೆ ಹುಡುಕಿದರೆ ಸಿಗುವುದಿಲ್ಲ, ಗಾಬರಿಯಲ್ಲಿ ಯಾರಿಗೂ ಹೊಸ ಜೋಕು ಹೊಳೆಯುವುದಿಲ್ಲ.

ಹುಡುಗನ ಅಂಕಿಗಳು ಆ ಹತ್ತು ದಿನದಲ್ಲಿ 8, 6, 7, 5 ಹೀಗೆ ಏರಿಳಿದು ಕೊನೆಗೆ 4ಕ್ಕೆ ನಿಂತವು. ಸೊನ್ನೆಗೆ ಇಳಿಸಲು ನಾವು ಹೋಗಲಿಲ್ಲ. ಸ್ವಲ್ಪ ಟೆನ್ಷನ್ ಇದ್ದರೇನೇ ಬೆಳಿಗ್ಗೆ ಎದ್ದು ಕೂರುವುದು, ಅಲ್ವಾ? ಐದು ದಿನ ಮಾಡಿದರೂ ಅಂಕಿ ಒಂದೂ ಇಳಿಯದಿದ್ದರೆ ಇದು ನಿಮಗೆ ಹೊಂದುತ್ತಿಲ್ಲ ಎಂದು ತಿಳಿದು ಬಿಟ್ಟುಬಿಡಿ. ಕೆಲವರಿಗೆ ಕೆಲಗೇರಿ ಕೆರೆಯ ಸುತ್ತ ಅರ್ಧ ಗಂಟೆ ನಡೆಯುವುದು, ಕೆಲವರಿಗೆ ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗಿ ಬರುವುದು ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಪರೀಕ್ಷೆಯ ಬೆಳಿಗ್ಗೆ

ಗೇಟಿನ ಹತ್ತಿರ ಗುಂಪು ಕಟ್ಟಿ ನಿಂತು ನಗಬೇಡಿ. ಅಲ್ಲಿಯ ನಗು ಹೆಚ್ಚಾಗಿ ಗಾಬರಿಯ ನಗು, ನಡುವೆ ಯಾರೋ ಒಬ್ಬ "ಆ ಪಾಠ ಓದಿಯೇನಲೇ?" ಅಂತ ಕೇಳಿಯೇ ಕೇಳುತ್ತಾನೆ. ಸ್ವಲ್ಪ ದೂರ ನಿಂತು ನಿಮ್ಮ ಭಯದ ಕತೆಯನ್ನು ತಲೆಯಲ್ಲೇ ಒಂದು ಸಲ ಓದಿಕೊಳ್ಳಿ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಮೊದಲ ಐದು ನಿಮಿಷ ಪೂರ್ತಿ ಓದಿ, ಗೊತ್ತಿರುವುದರಿಂದ ಶುರು ಮಾಡಿ. ಕೈ ನಡುಗಿದರೆ ನಡುಗಲಿ, ಬಸ್ಸು ನಿಲ್ಲುವಷ್ಟು ನಡುಗುತ್ತದಾ ನೋಡೋಣ ಅಂದುಕೊಳ್ಳಿ.

ಫಿಸಿಕ್ಸ್ ಪೇಪರ್ ಮುಗಿದ ದಿನ ಮಧ್ಯಾಹ್ನ ಹುಡುಗ ಸೀದಾ ನಮ್ಮ ಮನೆಗೆ ಬಂದ. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ, ನೀರು ಕುಡಿದ.

"ಎಮ್ಮಿ ಎರಡ ಸಲ ಹೋಗಿತ್ರಿ ಸರ್," ಅಂದ. "ಒಮ್ಮೆ ಕೆಪಾಸಿಟರ್ ಲೆಕ್ಕದಾಗ. ಜಾಗ ಬಿಟ್ಟು ಹೋದೆ, ಇಪ್ಪತ್ತು ನಿಮಿಷಕ್ಕ ಬಂತು, ಬರದೆ. ಇನ್ನೊಂದು ಬೆಲ್ ಹೊಡದ ಮ್ಯಾಲೆ, ಗೇಟಿನ ಹತ್ರ ಬಂತ್ರಿ."

"ಗೇಟಿನ ಹತ್ರ ಬಂದಾಗ ಏನು ಮಾಡಿದಿ?"

"ಅಪ್ಪಗ ಹೇಳಿದೆ. ಅಪ್ಪ, ಹೋಗ್ಲಿ ಬಿಡು, ಮನಿಗಾದ್ರೂ ಬಂತಲ್ಲ ಅಂದ."

ಮುಂದಿನ ಪೇಪರ್ ಕೆಮಿಸ್ಟ್ರಿ. ಚೀಲದಿಂದ ಆ ನೋಟ್‌ಬುಕ್ ತೆಗೆದು, ಹೊಸ ಪುಟದ ಮೂಲೆಯಲ್ಲಿ 5 ಎಂದು ಬರೆದ.